ಟ್ರಸ್ಸಿನ ಜಾಯಿಂಟ್ ಎಷ್ಟು ಇಳಿಯುತ್ತದೆ? ಯುನಿಟ್ ಲೋಡ್ ಲೆಕ್ಕದಲ್ಲಿ ಆ ಅರ್ಧ ಎಲ್ಲಿ ಹೋಯಿತು?

ಉಪ್ಪಳ_ಸೆಮಿಸ್ಟರ್
ನಾಡಿದ್ದು ಇಂಟರ್ನಲ್ ಉಂಟು, ಒಂದು ಲೆಕ್ಕ ತಲೆ ತಿನ್ನುತ್ತಾ ಉಂಟು. ಚಿತ್ರ ಹಾಕಲಿಕ್ಕೆ ಆಗಲಿಲ್ಲ, ಬಾಯಲ್ಲೇ ಹೇಳುತ್ತೇನೆ.

ಎಡ ಆಸರೆ ಎ, ಅಲ್ಲಿ ಪಿನ್. ಬಲ ಆಸರೆ ಬಿ, ಅಲ್ಲಿ ರೋಲರ್. ನಡುವೆ 8 ಮೀಟರ್. ಕೆಳಗೆ ಸರೀ ಮಧ್ಯದಲ್ಲಿ ಸಿ. ಸಿಯ ನೆತ್ತಿಯ ಮೇಲೆ 3 ಮೀಟರ್ ಎತ್ತರದಲ್ಲಿ ಡಿ. ಒಟ್ಟು ಐದು ಸರಳು: 4 ಮೀಟರಿನ ಎರಡು ಕೆಳಸರಳು, 5 ಮೀಟರಿನ ಎರಡು ಓರೆಸರಳು, ಡಿಯಿಂದ ಸಿಗೆ 3 ಮೀಟರಿನ ಒಂದು ನಡುಗಂಬಿ. ಎಲ್ಲದರ ಅಡ್ಡಕೊಯ್ತ 600 ಚದರ ಮಿ.ಮೀ., E 2 ಲಕ್ಷ N/mm². ಸಿಯಲ್ಲಿ 24 ಕಿಲೊನ್ಯೂಟನ್ ನೇತಾಡುತ್ತಾ ಉಂಟು.

ಪ್ರಶ್ನೆ ಎರಡು. ಸಿ ಎಷ್ಟು ಇಳಿಯುತ್ತದೆ, ಡಿ ಎಷ್ಟು ಇಳಿಯುತ್ತದೆ? ಸಿಗೆ ನನಗೆ 1.35 ಮಿ.ಮೀ. ಬಂತು, ಉತ್ತರದಲ್ಲಿ 2.7 ಅಂತ ಉಂಟು. ಎನರ್ಜಿ ಅಂದರೆ ½ ಇರಲೇಬೇಕಲ್ಲ, ಅದಕ್ಕೆ ½ ಹಾಕಿದೆ. ಡಿಯಲ್ಲಿ ಭಾರವೇ ಇಲ್ಲ, ಅಲ್ಲಿ ಎಂತ ಮಾಡುವುದು ಅಂತಲೇ ಗೊತ್ತಾಗಲಿಲ್ಲ.

ಬದಿಯಡ್ಕ_ಭಾರ
ಸುಲಭ ಮಾರಾಯಾ. ಹೊರಗಿನ ಕೆಲಸ ½Pδ. ಒಳಗೆ ಸೇರಿಕೊಂಡ ಎನರ್ಜಿ ½ΣN²L/AE. ಎರಡೂ ಸಮ, ಎರಡೂ ಕಡೆಯ ½ ಹೊಡೆದು ಹೋಗುತ್ತದೆ. ನೀನು ಒಂದೇ ಕಡೆ ½ ಹಾಕಿದ್ದೀಯ, ಅಷ್ಟೇ ತಪ್ಪು. ಯುನಿಟ್ ಲೋಡ್ ಅಂದರೂ ಇದೇ, P ಇದ್ದಲ್ಲಿ 1 ಹಾಕಿದ್ದು.

ಉಪ್ಪಳ_ಸೆಮಿಸ್ಟರ್
ಹಾಗೆ ಮಾಡಿದರೆ ಸಿಗೆ 2.7 ಸರಿಯಾಗಿ ಬಂತು ಅಣ್ಣಾ. ಡಿಗೆ?

ಬದಿಯಡ್ಕ_ಭಾರ
ಡಿಯಲ್ಲಿ P ಸೊನ್ನೆ... ನೋಡಬೇಕು.

ಅಕ್ಕಲಕೋಟ_ಅಳತೆ
ನೋಡೂದೇನ್ರೀ ಅದರಾಗ, ಆ ದಾರಿ ಅಲ್ಲಿಗೇ ಮುಗೀತು. ಭಾರ ಒಂದೇ ಇರಬೇಕು, ಇಳಿತನೂ ಅದೇ ಭಾರದ ಕೆಳಗ, ಅದೇ ದಿಕ್ಕಿನಾಗ ಬೇಕಿರಬೇಕು. ಅಷ್ಟಿದ್ರ ಮಾತ್ರ ನಿಮ್ಮ ½Pδ ನಡೀತದ. ಎರಡು ಭಾರ ಬಂದ್ವು ಅಂದ್ರ ಒಂದೇ ಸಮೀಕರಣದಾಗ ಎರಡು ಗೊತ್ತಿಲ್ಲದ ಇಳಿತ ಕುಂದರ್ತಾವು. ಯುನಿಟ್ ಲೋಡ್ ಹುಟ್ಟಿದ್ದೇ ಈ ತೊಡಕು ಬಿಡಸಾಕ.

ಮಂಜೇಶ್ವರ_ಮಟ್ಟಗೋಲು
½ ಹೊಡೆದು ಹೋಗುವುದಲ್ಲ, ಯುನಿಟ್ ಲೋಡಿನಲ್ಲಿ ಅದು ಮೊದಲಿಗೇ ಹುಟ್ಟುವುದಿಲ್ಲ. ಬದಿಯಡ್ಕದವರ ವಿವರಣೆಯಲ್ಲಿ ತಪ್ಪಿದ್ದು ಅಲ್ಲಿ. ಉತ್ತರ ಸರಿ ಬಂದದ್ದರಿಂದ ಅದು ಕಾಣುವುದಿಲ್ಲ.

½ ಯಾಕೆ ಬರುತ್ತದೆ? ಭಾರವನ್ನು ಸೊನ್ನೆಯಿಂದ ನಿಧಾನಕ್ಕೆ ಏರಿಸುತ್ತಾ ಹೋದಾಗ ಅದು ಮಾಡಿದ ಇಳಿತದ ಮೇಲೆ ಸರಾಸರಿ ಅರ್ಧ ಭಾರ ಮಾತ್ರ ಕೆಲಸ ಮಾಡಿರುತ್ತದೆ. ಈಗ ಕ್ರಮ ಬದಲಿಸಿ ನೋಡಿ. ಇಳಿತ ಎಲ್ಲಿ ಬೇಕೋ ಅಲ್ಲಿ, ಉದಾಹರಣೆಗೆ ಡಿಯಲ್ಲಿ, ಮೊದಲು 1 ಕಿಲೊನ್ಯೂಟನ್ ಇಟ್ಟುಬಿಡಿ. ಟ್ರಸ್ ಅದಕ್ಕೆ ಬೇಕಾದಷ್ಟು ಕುಗ್ಗಿ ನಿಂತಿತು. ಪ್ರತಿ ಸರಳಿನಲ್ಲಿ n ಅಂತ ಒಂದು ಬಲ ಬಂದು ಕೂತಿತು. ಅನಂತರ ಸಿಯಲ್ಲಿ ನಿಜವಾದ 24 ನೇತು ಹಾಕಿ. ಡಿ ಈಗ δ ಇಳಿಯುತ್ತದೆ. ಆ 1 ಕಿಲೊನ್ಯೂಟನ್ ಆಗಲೇ ಪೂರ್ತಿ ಅಲ್ಲಿ ಕೂತಿರುವುದರಿಂದ ಅದು ಮಾಡಿದ ಕೆಲಸ 1 × δ, ಅರ್ಧ ಅಲ್ಲ. ಒಳಗೂ ಅದೇ ಕಥೆ. ಸರಳು NL/AE ಉದ್ದವಾಗುವಾಗ n ಪೂರ್ತಿ ಬಲದಲ್ಲಿ ಆಗಲೇ ಉಂಟು, ಆದ್ದರಿಂದ n × NL/AE.

`1 × δ = Σ n × (N L / A E)`

ನಂಬಿಕೆ ಬರದಿದ್ದರೆ ಎನರ್ಜಿ ಬರೆದೇ ನೋಡಿ. ಒಟ್ಟು ಬಲ N+n. ವರ್ಗ ಮಾಡಿದರೆ N² + 2Nn + n². ಹೊರಗಿನ ½ ನಡುವಿನ 2ನ್ನು ತಿಂದು ಹಾಕುತ್ತದೆ, Nn ಪೂರ್ತಿ ಉಳಿಯುತ್ತದೆ. ಉಪ್ಪಳದವರು ಅದರ ಮೇಲೆ ಇನ್ನೊಂದು ½ ಹಾಕಿದ್ದು, ಅದಕ್ಕೇ 1.35.

ಉಪ್ಪಳ_ಸೆಮಿಸ್ಟರ್
ಓ, ಭಾರ ಇಡುವ ಕ್ರಮದಲ್ಲಿ ಉಂಟಾ ವಿಷಯ! ಡಿಯ ಲೆಕ್ಕ ಒಮ್ಮೆ ಮಾಡಿ ತೋರಿಸುವಿರಾ?

ಮಂಜೇಶ್ವರ_ಮಟ್ಟಗೋಲು
ಮಾಡುವ. ಎಳೆತಕ್ಕೆ ಕೂಡು ಚಿಹ್ನೆ, ಒತ್ತಡಕ್ಕೆ ಕಳೆ ಚಿಹ್ನೆ. ಇದನ್ನು N ಬರೆಯುವಾಗಲೂ n ಬರೆಯುವಾಗಲೂ ಬದಲಿಸಬಾರದು.

ಮೊದಲು ನಿಜವಾದ ಭಾರ. ಆಸರೆಗಳು 12, 12. ಎಡ ಆಸರೆಯಲ್ಲಿ ಓರೆಸರಳು 3-4-5 ತ್ರಿಕೋನ. ಅದರ ಲಂಬ ಪಾಲು 12 ಆಗಬೇಕಾದರೆ ಸರಳಿನಲ್ಲಿ 20 ಒತ್ತಡ. ಅಡ್ಡ ಪಾಲು 16, ಅದನ್ನು ಕೆಳಸರಳು ಎಳೆತದಲ್ಲಿ ಹಿಡಿಯುತ್ತದೆ. ನಡುಗಂಬಿ 24 ಎಳೆತ.

ಈಗ ಸಿಯಲ್ಲಿ 1. ಎಲ್ಲವೂ 24ರಲ್ಲಿ ಒಂದು ಪಾಲು: ಕೆಳಸರಳು 2/3, ಓರೆಸರಳು −5/6, ನಡುಗಂಬಿ 1.

```
ಸಿಯ ಇಳಿತ, N × n × L
ಕೆಳಸರಳು 2:   2 × 16 × 2/3 × 4         =  85.33
ಓರೆಸರಳು 2:   2 × (−20) × (−5/6) × 5   = 166.67
ನಡುಗಂಬಿ:     24 × 1 × 3                =  72
ಒಟ್ಟು                                   = 324
```

AE ಅಂದರೆ 600 × 2,00,000 = 12 ಕೋಟಿ ನ್ಯೂಟನ್, ಅಂದರೆ 1,20,000 ಕಿಲೊನ್ಯೂಟನ್. 324ನ್ನು ಅದರಿಂದ ಭಾಗಿಸಿದರೆ 0.0027 ಮೀಟರ್. 2.7 ಮಿ.ಮೀ.

ಡಿಗೆ 1ನ್ನು ಡಿಗೆ ಎತ್ತಿಡಿ. ಆಸರೆಗಳು ಮೊದಲಿನ ಹಾಗೇ ಅರ್ಧರ್ಧ, ಆದ್ದರಿಂದ ಓರೆಸರಳು, ಕೆಳಸರಳುಗಳ n ಬದಲಾಗುವುದಿಲ್ಲ. ನಡುಗಂಬಿ ಮಾತ್ರ ಸೊನ್ನೆ, ಯಾಕೆಂದರೆ ಈಗ ಸಿಯಲ್ಲಿ ಏನೂ ನೇತಾಡುವುದಿಲ್ಲ. 324ರಿಂದ 72 ಹೋದರೆ 252. ಡಿಯ ಇಳಿತ 2.1 ಮಿ.ಮೀ.

ಬದಿಯಡ್ಕ_ಭಾರ
ಒಂದು ನಿಮಿಷ. ಐದು ಸರಳಿನಲ್ಲಿ ಅತಿ ಹೆಚ್ಚು ಬಲ ಇರುವುದೇ ನಡುಗಂಬಿಯಲ್ಲಿ, 24. ಅದು ಉದ್ದವಾಗುವುದು ಡಿಗೆ ಲೆಕ್ಕಕ್ಕೇ ಇಲ್ಲ ಅಂದರೆ ಹೇಗೆ? ನನಗೆ ಇದು ಒಪ್ಪಿಗೆ ಇಲ್ಲ.

ತಾಳವಾಡಿ_ತ್ರಿಕೋನ
ಲೆಕ್ಕ ಬಿಟ್ಟು ಕಣ್ಣಲ್ಲಿ ನೋಡಿ ಸಾರ್. ಬಾವಿ ರಾಟೆಗೆ ಹಗ್ಗ ಕಟ್ಟಿ ಕೊಡ ಬಿಟ್ಟಿದ್ದೀರ. ಹಗ್ಗ ಜಗ್ಗಿದ್ರೆ ಕೊಡ ಕೆಳಗೆ ಹೋಗುತ್ತೆ, ರಾಟೆ ಇಳಿಯುತ್ತಾ? ಸಿ ಕೊಡ, ಡಿ ರಾಟೆ. ನಡುಗಂಬಿ ಎಷ್ಟು ಜಗ್ಗುತ್ತೋ ಲೆಕ್ಕ ಹಾಕಿ: 24 × 3 / 1,20,000 = 0.6 ಮಿ.ಮೀ. ಈಗ 2.7ರಿಂದ 2.1 ಕಳೀರಿ.

ಬದಿಯಡ್ಕ_ಭಾರ
0.6. ಸರಿ ಸರಿ, ಒಪ್ಪಿದೆ.

ಮಂಜೇಶ್ವರ_ಮಟ್ಟಗೋಲು
ರಾಟೆಯ ಹೋಲಿಕೆ ಚೆನ್ನಾಗುಂಟು. ಅದರಲ್ಲೇ n ಅಂದರೆ ಎಂತ ಅಂತಲೂ ಸಿಗುತ್ತದೆ. ಅದನ್ನು ಬಲ ಅಂತ ನೋಡುವುದಕ್ಕಿಂತ ಒಂದು ಗೇರ್ ಅನುಪಾತ ಅಂತ ನೋಡಿ. ಓರೆಸರಳು 1 ಮಿ.ಮೀ. ಗಿಡ್ಡ ಆದರೆ ಡಿ 5/6 ಮಿ.ಮೀ. ಇಳಿಯುತ್ತದೆ. ನಡುಗಂಬಿ 1 ಮಿ.ಮೀ. ಉದ್ದ ಆದರೆ ಡಿ ಇಳಿಯುವುದು ಸೊನ್ನೆ. ಸರಳು ಯಾವ ಕಾರಣಕ್ಕೆ ಉದ್ದವಾಯಿತು ಅಂತ ಈ ಅನುಪಾತ ಕೇಳುವುದೇ ಇಲ್ಲ. ಭಾರದಿಂದಲೋ, ಬಿಸಿಲಿನಿಂದಲೋ, ವರ್ಕ್‌ಶಾಪಿನವನು ತಪ್ಪು ಕತ್ತರಿಸಿದ್ದಕ್ಕೋ, ಎಲ್ಲದಕ್ಕೂ ಅದೇ n.

ಅಕ್ಕಲಕೋಟ_ಅಳತೆ
ನಮ್ಮ ಕಡಿ ಗೌಂಡಿಗಳು ಇಂಥಾ ಛಾವಣಿ ಕಟ್ಟಿಗೆ ಕೈಂಚಿ ಅಂತಾರ್ರೀ. ನಿಮ್ಮಲ್ಲಿ ಏನಂತಾರ?

ಉಪ್ಪಳ_ಸೆಮಿಸ್ಟರ್
ಇಲ್ಲಿ ಟ್ರಸ್ ಅಂತಲೇ. ಮಲಯಾಳದವರೂ ಟ್ರಸ್, ತುಳುವಿನವರೂ ಟ್ರಸ್ :)

ಇನ್ನೊಂದು ಸಂಶಯ. ನನ್ನ ಗೆಳೆಯ ಡಿಗೆ ಕ್ಯಾಸ್ಟಿಗ್ಲಿಯಾನೊ ಹಾಕಿದ. ಅವನಿಗೆ ಸೊನ್ನೆ ಬಂತು!

ಅಕ್ಕಲಕೋಟ_ಅಳತೆ
Q ಅಂತ ಒಂದು ಸುಳ್ಳು ಭಾರ ಡಿ ಮ್ಯಾಲ ಇಟ್ಟಿರ್ತಾನ, ಆಮ್ಯಾಲ ಡಿಫರೆನ್ಶಿಯೇಟ್ ಮಾಡೂಕಿಂತ ಮೊದಲ Q = 0 ಹಾಕಿರ್ತಾನ. Q ಇಲ್ಲದ ಎನರ್ಜಿಯನ್ನ Qದಿಂದ ಡಿಫರೆನ್ಶಿಯೇಟ್ ಮಾಡಿದ್ರ ಸೊನ್ನೆ ಬರದ ಮತ್ತೇನ್ ಬರ್ತದ? ಮೊದಲ ಡಿಫರೆನ್ಶಿಯೇಟ್, ಆಮ್ಯಾಲ ಸೊನ್ನೆ. ಓರೆಸರಳಿನ ಬಲ −20 − (5/6)Q ಅಂತ ಬರದ್ರ, Qದ ಮುಂದಿರೋ −5/6 ಐತಲ್ಲ, ಅದೇ ಯುನಿಟ್ ಲೋಡಿನ n. ಎರಡೂ ಒಂದೇ ಲೆಕ್ಕ, ಅಂಗಿ ಬ್ಯಾರೆ. ಮ್ಯಾಕ್ಸ್‌ವೆಲ್ 1864ರಾಗ, ಮೋರ್ 1874ರಾಗ ತಮ್ಮ ತಮ್ಮ ದಾರಿಲೆ ಯುನಿಟ್ ಲೋಡಿಗೆ ಬಂದ್ರು. ನಡುವ 1873ರಾಗ ಕ್ಯಾಸ್ಟಿಗ್ಲಿಯಾನೊ ತನ್ನ ಪ್ರಬಂಧ ಬರೆದ.

ಪೆರ್ಲ_ಅಡಿಕೆ
ನಮಸ್ಕಾರ. ನನಗೆ ಪರೀಕ್ಷೆ ಇಲ್ಲ, ನಮ್ಮ ಅಡಿಕೆ ಅಂಗಳದ ಮಾಡಿಗೆ ಸಂಬಂಧಪಟ್ಟು ಕೇಳುವುದು. ಇದೇ ಆಕಾರದ, ಹೆಚ್ಚು ಕಡಿಮೆ ಇದೇ ಅಳತೆಯ ಟ್ರಸ್, ಎಲ್ಲ ಬೋಲ್ಟ್ ಹಾಕಿದ್ದು. ನೂಲು ಕಟ್ಟಿ ನೋಡಿದರೆ ನಡು 9 ಮಿ.ಮೀ. ಇಳಿದಿದೆ. ಲೆಕ್ಕ ಹಾಕಿದವರು 3 ಮಿ.ಮೀ. ಒಳಗೆ ಅಂದಿದ್ದರು. ಕಬ್ಬಿಣ ತೆಳು ಹಾಕಿ ಮೋಸ ಮಾಡಿದ್ದಾರೆ ಅಂತ ಆಯಿತಲ್ಲ?

ತಾಳವಾಡಿ_ತ್ರಿಕೋನ
ಮೋಸ ಅನ್ನೋಕೆ ಮುಂಚೆ ತೂತು ನೋಡಿ. ಬೋಲ್ಟು 16, ತೂತು 18 ಇರುತ್ತೆ. ಆ ಸಂದಿನಲ್ಲಿ ಸರಳು ಜಾರುತ್ತೆ.

ಮಂಜೇಶ್ವರ_ಮಟ್ಟಗೋಲು
ಅದೇ. ಮೇಲೆ ಹೇಳಿದ ಗೇರ್ ಅನುಪಾತ ಇಲ್ಲಿ ಕೆಲಸಕ್ಕೆ ಬರುತ್ತದೆ. ಪ್ರತಿ ಸರಳಿನ ಒಂದೊಂದು ತುದಿಯಲ್ಲಿ 1 ಮಿ.ಮೀ. ಜಾರಿತು ಅಂತ ಇಟ್ಟುಕೊಳ್ಳಿ, ಸರಳಿಗೆ ಒಟ್ಟು 2. ಎಳೆತದ ಸರಳು 2 ಉದ್ದವಾದ ಹಾಗೆ, ಒತ್ತಡದ ಸರಳು 2 ಗಿಡ್ಡವಾದ ಹಾಗೆ. n ಚಿಹ್ನೆಯೂ ಅದೇ ದಿಕ್ಕಿನದ್ದು, ಆದ್ದರಿಂದ ಯಾವುದೂ ಒಂದನ್ನೊಂದು ಕಡಿಯುವುದಿಲ್ಲ, ಎಲ್ಲ ಕೂಡಿಕೊಳ್ಳುತ್ತಾ ಹೋಗುತ್ತದೆ.

ಕೆಳಸರಳುಗಳಿಂದ 2 × 2/3 × 2 = 2.67. ಓರೆಸರಳುಗಳಿಂದ 2 × 5/6 × 2 = 3.33. ನಡುಗಂಬಿಯಿಂದ 2. ಒಟ್ಟು 8 ಮಿ.ಮೀ. ಭಾರದಿಂದ 2.7 ಬರುವಲ್ಲಿ ಬರೀ ಜಾರಿಕೆಯಿಂದ 8! ಕಬ್ಬಿಣದ ದಪ್ಪಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ಪತ್ತೆ ಮಾಡುವುದು ಹೇಗೆ ಅಂದರೆ, ಭಾರ ತೆಗೆದು ನೋಡಬೇಕು. ಸರಳು ಹಿಗ್ಗಿ ಬಂದ ಇಳಿತ ಭಾರ ತೆಗೆದ ಕೂಡಲೇ ಮೇಲೆ ಬರುತ್ತದೆ. ಜಾರಿದ್ದು ಅಲ್ಲೇ ಉಳಿಯುತ್ತದೆ. ಸಿಯಲ್ಲಿ ಗೊತ್ತಿರುವ ತೂಕ ನೇತು ಹಾಕಿ ಒಂದು ಅಳತೆ, ತೆಗೆದು ಇನ್ನೊಂದು ಅಳತೆ. ಆ ವ್ಯತ್ಯಾಸ ಲೆಕ್ಕದ ಹತ್ತಿರ ಬಂದರೆ ಕಬ್ಬಿಣ ಸರಿ ಉಂಟು. ಲೆಕ್ಕದ ಎರಡು ಪಾಲು ಬಂದರೆ ಆಗ ಕ್ಯಾಲಿಪರ್ಸ್ ತೆಗೆದುಕೊಂಡು ದಪ್ಪ ಅಳೆಯಿರಿ. ತೂಕ ಹಾಕುವಾಗ ಆಸರೆಗಳ ಹತ್ತಿರವೂ ಅಳತೆ ತೆಗೆಯಬೇಕು. ಕಂಬವೇ ಕೂತಿದ್ದರೆ ಅದರ ತಪ್ಪು ಟ್ರಸ್ಸಿನ ತಲೆಗೆ ಬರಬಾರದು.

ಪೆರ್ಲ_ಅಡಿಕೆ
ಮಧ್ಯಾಹ್ನ ನೋಡಿದರೆ ಇಳಿತ ಸ್ವಲ್ಪ ಕಮ್ಮಿ ಕಾಣುತ್ತದೆ, ಬೆಳಿಗ್ಗೆ ಜಾಸ್ತಿ. ಅದು ನನ್ನ ಕಣ್ಣಿನ ತಪ್ಪಾ?

ಮಂಜೇಶ್ವರ_ಮಟ್ಟಗೋಲು
ತಪ್ಪಲ್ಲ, ಹಾಗೇ ಆಗಬೇಕು. ಬಿಸಿಲು ಬೀಳುವುದು ಮೇಲಿನ ಓರೆಸರಳುಗಳಿಗೆ. ಅವು ಕೆಳಗಿನವಕ್ಕಿಂತ 20 ಡಿಗ್ರಿ ಹೆಚ್ಚು ಬಿಸಿಯಾದವು ಅನ್ನಿ. ಉಕ್ಕು ಒಂದು ಡಿಗ್ರಿಗೆ ಮೀಟರಿಗೆ 0.012 ಮಿ.ಮೀ. ಹಿಗ್ಗುತ್ತದೆ, 5 ಮೀಟರಿಗೆ 20 ಡಿಗ್ರಿಯಲ್ಲಿ 1.2 ಮಿ.ಮೀ. ಸಿಗೆ 2 × (−5/6) × 1.2 = −2. ಕಳೆ ಚಿಹ್ನೆ ಅಂದರೆ ನಾವು ಇಟ್ಟ 1ರ ದಿಕ್ಕಿಗೆ ವಿರುದ್ಧ, ಅಂದರೆ ಸಿ 2 ಮಿ.ಮೀ. ಮೇಲೆ ಹೋಯಿತು. ಅಳತೆ ಸೂರ್ಯ ಏಳುವ ಮೊದಲು ತೆಗೆಯಿರಿ, ಎರಡು ಸಲವೂ ಅದೇ ಹೊತ್ತಿಗೆ.

ಉಪ್ಪಳ_ಸೆಮಿಸ್ಟರ್
ಇಡೀ ಟ್ರಸ್ ಒಂದೇ ಸಮ 20 ಡಿಗ್ರಿ ಬಿಸಿಯಾದರೆ? ನಾನು ಮಾಡಿ ನೋಡಿದೆ. ಕೆಳಸರಳು 0.96 ಹಿಗ್ಗುತ್ತದೆ, ಎರಡರಿಂದ +1.28. ಓರೆಸರಳಿಂದ −2. ನಡುಗಂಬಿ 0.72, ಅದರಿಂದ +0.72. ಒಟ್ಟು ಸೊನ್ನೆ ಬಂತು. ಎಲ್ಲೋ ತಪ್ಪಿತಾ?

ತಾಳವಾಡಿ_ತ್ರಿಕೋನ
ತಪ್ಪಿಲ್ಲ ಕಣಪ್ಪ, ಚೆನ್ನಾಗಿ ಮಾಡಿದ್ದೀಯ. ಎಲ್ಲ ಒಂದೇ ಸಮ ಹಿಗ್ಗಿದ್ರೆ ಟ್ರಸ್ಸಿನ ಆಕಾರ ಹಾಗೇ ಉಳಿದು ಸ್ವಲ್ಪ ದೊಡ್ಡದಾಗುತ್ತೆ ಅಷ್ಟೆ. ಎ, ಸಿ, ಬಿ ಮೂರೂ ಒಂದೇ ಮಟ್ಟದ ಗೆರೆ ಮೇಲಿವೆ, ದೊಡ್ಡದಾದರೂ ಗೆರೆ ಗೆರೆಯೇ. ಡಿಗೆ ಮಾಡಿ ನೋಡು, −0.72 ಬರಬೇಕು. 3 ಮೀಟರ್ ಎತ್ತರ ಅಷ್ಟೇ ಬೆಳೀತು. n ಸರಿಯಾಗಿ ತೆಗೆದಿದ್ದೀಯೋ ಇಲ್ವೋ ಅಂತ ನೋಡೋಕೆ ಇದಕ್ಕಿಂತ ಅಗ್ಗದ ಪರೀಕ್ಷೆ ಇಲ್ಲ. ಒಂದು ಚಿಹ್ನೆ ತಪ್ಪಿದ್ರೂ ಸಿಗೆ ಸೊನ್ನೆ ಬರಲ್ಲ.

ಬದಿಯಡ್ಕ_ಭಾರ
ಇದು ಗೊತ್ತಿರಲಿಲ್ಲ, ಬರೆದಿಟ್ಟುಕೊಂಡೆ. ಆದರೆ ಒಂದು. ಈ ಬಿಸಿಲಿನ ಲೆಕ್ಕವನ್ನು ಎನರ್ಜಿಯಿಂದಲೂ ಮಾಡಬಹುದಲ್ಲ? ½ΣN²L/AE ಇಟ್ಟು?

ಅಕ್ಕಲಕೋಟ_ಅಳತೆ
ಮತ್ತ ಅಲ್ಲಿಗೇ ಬಂದ್ರಿ ನೋಡ್ರಿ! ಬಿಸಿಲಿಗೆ ಈ ಟ್ರಸ್ಸಿನಾಗ N ಸೊನ್ನೆ. ರೋಲರ್ ಸರೀತದ, ಯಾರೂ ತಡಿಯೂದಿಲ್ಲ. N ಸೊನ್ನೆ ಆದ್ರ ನಿಮ್ಮ ಎನರ್ಜಿ ಸೊನ್ನೆ, ಆದ್ರ ಜಾಯಿಂಟ್ ಸರದದ್ದು ಖರೇ. ರೋಲರಿನ ಸರಿತ ಬೇಕಂದ್ರ ಅಲ್ಲಿ ಅಡ್ಡ 1 ಇಡ್ರಿ, ಕೆಳಸರಳು ಎರಡಕ್ಕೂ n 1, ಉಳಿದವಕ್ಕ ಸೊನ್ನೆ. ಭಾರಕ್ಕ 2 × 16 × 4 / 1,20,000, 1.07 ಮಿ.ಮೀ. ಇಡೀ ಟ್ರಸ್ 20 ಡಿಗ್ರಿ ಕಾದ್ರ 1.92. ರೋಲರಿನ ಬದಲಿ ಎರಡೂ ಕಡೆ ಬಿಗಿಯಾಗಿ ಕಾಂಕ್ರೀಟಿನಾಗ ಹೂಳಿದ್ರ ಆ ಸರಿತ ಹೋಗಾಕ ಜಾಗ ಇಲ್ಲ, ಆಗ N ಹುಟ್ಟತದ, ಈ ಲೆಕ್ಕನೂ ಬದಲಾಗತದ.

ಪೆರ್ಲ_ಅಡಿಕೆ
ನಮ್ಮದು ಎರಡೂ ಕಡೆ ಹೂಳಿದ್ದೇ... ಸರಿ, ಅದು ಬೇರೆ ಕೇಳುತ್ತೇನೆ. 600 ಚದರ ಮಿ.ಮೀ. ಅಂದರೆ 50×50×6 ಏಂಗಲ್ ಸಾಕಲ್ಲ? ಇಳಿತ 2.7 ಅಂದರೆ ತುಂಬ ಕಮ್ಮಿ.

ಮಂಜೇಶ್ವರ_ಮಟ್ಟಗೋಲು
ಸಾಕಾಗುವುದಿಲ್ಲ. ಇದನ್ನು ಒತ್ತಿ ಹೇಳಬೇಕು. ಯುನಿಟ್ ಲೋಡ್ ಲೆಕ್ಕಕ್ಕೆ ಸರಳು ನೆಟ್ಟಗೇ ಉಳಿಯುತ್ತದೆ ಅಂತ ನಂಬಿಕೆ. ಅದು ಸೊಂಟ ಬಗ್ಗಿ ಹೊರಗೆ ಹಾರುತ್ತದೋ ಅಂತ ಅದು ನೋಡುವುದೇ ಇಲ್ಲ.

50×50×6ರ ಅಡ್ಡಕೊಯ್ತ 568. ತೀರಾ ದುರ್ಬಲ ದಿಕ್ಕಿನಲ್ಲಿ ಅದರ ರೇಡಿಯಸ್ ಆಫ್ ಜೈರೇಶನ್ 9.6 ಮಿ.ಮೀ. 5 ಮೀಟರ್ ಉದ್ದವನ್ನು ಅದರಿಂದ ಭಾಗಿಸಿದರೆ 520. ಒತ್ತಡದ ಸರಳಿಗೆ ಐಎಸ್ 800 ಹೇಳುವ ಮಿತಿ 180. ಯೂಲರ್ ಲೆಕ್ಕದಲ್ಲಿ ಆ ಓರೆಸರಳು ಹೆಚ್ಚೆಂದರೆ 4 ಕಿಲೊನ್ಯೂಟನ್ ತಾಳಬಹುದು. ನಮ್ಮ ಲೆಕ್ಕದಲ್ಲಿ ಅದಕ್ಕೆ 20 ಬಂದಿದೆ. ಇಲ್ಲಿ 2.7 ಮಿ.ಮೀ. ಅಂತ ಅಂದವಾಗಿ ಉತ್ತರ ಬರುವ ಹೊತ್ತಿಗೆ ಅಲ್ಲಿ ಟ್ರಸ್ ನೆಲದಲ್ಲಿ ಬಿದ್ದಿರುತ್ತದೆ. ಅಷ್ಟೇ ಅಡ್ಡಕೊಯ್ತದ ಕಬ್ಬಿಣವನ್ನು ದೊಡ್ಡ ವ್ಯಾಸದ ಪೈಪಾಗಿ ಹಾಕಿದರೆ ಇಳಿತದ ಲೆಕ್ಕ ಒಂದೇ, ತಾಳುವ ಭಾರ ಬೇರೆ. ಓರೆಸರಳಿಗೆ ನಡುವೆ ಆಧಾರ ಕೊಟ್ಟಿದ್ದಾರಾ, ಪರ್ಲಿನ್ ಎಲ್ಲಿ ಕೂತಿದೆ, ಅದನ್ನೆಲ್ಲ ನೋಡದೆ ಯಾರ ಮಾತೂ ನಂಬಬೇಡಿ, ನನ್ನದೂ.

ಉಪ್ಪಳ_ಸೆಮಿಸ್ಟರ್
ನಮ್ಮ ಪ್ರಶ್ನೆಪತ್ರಿಕೆಯ ಟ್ರಸ್ ನಿಜವಾಗಿ ನಿಲ್ಲುವುದೇ ಇಲ್ಲವಾ ಹಾಗಾದರೆ?

ಮಂಜೇಶ್ವರ_ಮಟ್ಟಗೋಲು
600 ಅಂತ ಮಾತ್ರ ಕೊಟ್ಟಿದ್ದಾರೆ, ಆಕಾರ ಕೊಟ್ಟಿಲ್ಲ. ಪೈಪ್ ಅಂತ ಇಟ್ಟುಕೊಳ್ಳಿ, ಮಾರ್ಕು ಹೋಗುವುದಿಲ್ಲ.

ತಾಳವಾಡಿ_ತ್ರಿಕೋನ
ಜಾರಿಕೆ ವಿಷಯಕ್ಕೆ ವಾಪಸ್ ಬರ್ತೀನಿ. ಮಟ್ಟಗೋಲು ಸಾರ್ ಪೂರ್ತಿ 8 ಮಿ.ಮೀ. ಕೂಡಿಸಿದ್ದು ಜಾಸ್ತಿ ಆಯ್ತು ಅನ್ಸುತ್ತೆ. ಬೋಲ್ಟ್ ಬಿಗಿ ಮಾಡಿದಾಗ ತಗಡು ತಗಡು ಕಚ್ಚಿಕೊಂಡಿರುತ್ತೆ. ಎತ್ತಿ ಕೂರಿಸುವಾಗಲೇ ಕೆಲವು ಬೋಲ್ಟ್ ತೂತಿನ ಅಂಚಿಗೆ ತಾಗಿರುತ್ತೆ. ಎಲ್ಲ ಹತ್ತು ತುದಿಯೂ ಒಂದೇ ಸಲ 1 ಮಿ.ಮೀ. ಜಾರೋದು ಎಲ್ಲಿ?

ಮಂಜೇಶ್ವರ_ಮಟ್ಟಗೋಲು
ಒಂದೇ ಸಲ ಬೇಡ. ಮೊದಲ ದೊಡ್ಡ ಗಾಳಿಗೆ ಒಂದು, ಮುಂದಿನ ಮಳೆಗಾಲಕ್ಕೆ ಇನ್ನೊಂದು. ಪೆರ್ಲದವರ 9ರಲ್ಲಿ 2.7 ತೆಗೆದರೆ 6.3 ಉಳಿಯಿತು, 8ರ ಒಳಗೇ ಉಂಟಲ್ಲ. ಟ್ರಸ್ ಜೋಡಿಸುವಾಗಲೇ ನಡುವನ್ನು ಅಷ್ಟು ಎತ್ತರಿಸಿ ಕಟ್ಟುವುದೇ ಲೇಸು.

ಅಕ್ಕಲಕೋಟ_ಅಳತೆ
8 ಎತ್ತರಿಸಿ ಕಟ್ಟಿ ಜಾರಲೇ ಇಲ್ಲ ಅಂದ್ರ ನಡು ಉಬ್ಬೇ ಉಳೀತದ. ನಾ ಆದ್ರ 4 ಇಡ್ತೀನಿ. ಇಲ್ಲಾಂದ್ರ ಫ್ರಿಕ್ಷನ್ ಗ್ರಿಪ್ ಬೋಲ್ಟ್ ಹಾಕಿ ಜಾರಿಕೆನೇ ಲೆಕ್ಕದಿಂದ ತೆಗದು ಹಾಕ್ರಿ.

ತಾಳವಾಡಿ_ತ್ರಿಕೋನ
ಅಡಿಕೆ ಅಂಗಳಕ್ಕೆ ಫ್ರಿಕ್ಷನ್ ಗ್ರಿಪ್! ಬೋಲ್ಟಿನ ಬಿಲ್ಲು ನೋಡಿ ಅವರೇ ಜಾರ್ತಾರೆ.

ಪೆರ್ಲ_ಅಡಿಕೆ
ಹ್ಹ ಹ್ಹ. ನಾಳೆ ಬೆಳಿಗ್ಗೆ ಆರು ಗಂಟೆಗೆ ಮರಳು ಚೀಲ ನೇತು ಹಾಕಿ ಅಳೆಯಬಹುದಾ, ಅಥವಾ ಮೊದಲು ಆ ಓರೆಸರಳಿನ ವಿಷಯ ನೋಡಬೇಕಾ?

ಮಂಜೇಶ್ವರ_ಮಟ್ಟಗೋಲು
ಮೊದಲು ಓರೆಸರಳು. ಅದು ಯಾವ ಸೆಕ್ಷನ್, ಆಧಾರ ಎಷ್ಟೆಷ್ಟು ದೂರಕ್ಕೆ ಉಂಟು ಅಂತ ಇಲ್ಲಿ ಬರೆಯಿರಿ. ಅಲ್ಲಿಯವರೆಗೆ ಒಂದು ಚೀಲವನ್ನೂ ನೇತು ಹಾಕಬೇಡಿ.